ಒಂದು ಪರಿಹಾರದ ಸೊನ್ನೆಗಳ ನಡುವೆ ಇನ್ನೊಂದರ ಸೊನ್ನೆ

ಬೆಂಗಳೂರಿನ ಕಾಲೇಜೊಂದರಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಅವಕಲ ಸಮೀಕರಣಗಳನ್ನು ಕಲಿಸುವ ನಾನು, ಫ್ರೆಂಚ್ ಗಣಿತಜ್ಞ ಸ್ಟರ್ಮ್ 1836ರಲ್ಲಿ ಪ್ರಕಟಿಸಿದ, ಒಂದು ಪರಿಹಾರದ ಅಕ್ಕಪಕ್ಕದ ಎರಡು ಸೊನ್ನೆಗಳ ನಡುವೆ ಇನ್ನೊಂದು ಸ್ವತಂತ್ರ ಪರಿಹಾರದ ಸೊನ್ನೆ ಒಂದೇ ಒಂದು ಬರುತ್ತದೆ ಎಂಬ ಪ್ರಮೇಯವನ್ನು ಹೇಳುವಾಗ sin x ಮತ್ತು cos xಗಳಿಂದ ಆರಂಭಿಸುವುದನ್ನು ಬಿಟ್ಟಿದ್ದೇನೆ. ಅವುಗಳ ಸೊನ್ನೆಗಳು ಒಂದು ಬಿಟ್ಟು ಒಂದರಂತೆ ಬರುವುದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ, ಅದಕ್ಕೊಂದು ಕಾರಣವಿರಬೇಕೆಂಬ ಪ್ರಶ್ನೆಯೇ ಯಾರಿಗೂ ಹುಟ್ಟುವುದಿಲ್ಲ. ನಾನು ಆರಿಸಿಕೊಳ್ಳುವುದು x > 0 ಇರುವಲ್ಲಿ x²y″ + ky = 0 ಎಂಬ ಆಯ್ಲರ್ ಸಮೀಕರಣವನ್ನು. k = 1/2 ಆದಾಗ √x sin(½ ln x) ಮತ್ತು √x cos(½ ln x) ಇದರ ಎರಡು ಸ್ವತಂತ್ರ ಪರಿಹಾರಗಳು. ಮೊದಲನೆಯದು 1, 535.5, 2,86,751 ಎಂಬಲ್ಲಿ ಸೊನ್ನೆಯಾಗುತ್ತದೆ, ಎರಡನೆಯದು 23.1 ಮತ್ತು 12,391.6ರಲ್ಲಿ. ಸೊನ್ನೆಗಳು ಇಷ್ಟು ದೂರ ದೂರ ಚದುರಿದ್ದರೂ ಸರದಿ ಮಾತ್ರ ತಪ್ಪುವುದಿಲ್ಲ.

ಸರದಿ ಏಕೆ ತಪ್ಪದು ಎಂಬುದನ್ನು ಹಲಗೆಯ ಮೇಲೆ ನಾನು ತೋರಿಸುವುದು ಹೀಗೆ. y″ + p y′ + q y = 0 ಎಂಬ ಸಮೀಕರಣದಲ್ಲಿ p, q ಅವಿಚ್ಛಿನ್ನವಾಗಿರಲಿ; y₁, y₂ ಸ್ವತಂತ್ರ ಪರಿಹಾರಗಳಾಗಿರಲಿ. ಅವುಗಳ ರಾನ್‌ಸ್ಕಿಯನ್ W = y₁y₂′ − y₁′y₂ ಎಂಬುದು W′ = −pW ಎಂಬ ಸಂಬಂಧವನ್ನು ಪಾಲಿಸುವುದರಿಂದ ಎಲ್ಲಿಯೂ ಸೊನ್ನೆಯಾಗುವುದಿಲ್ಲ, ಆದ್ದರಿಂದ ಚಿಹ್ನೆಯನ್ನೂ ಬದಲಿಸುವುದಿಲ್ಲ. ಈಗ a, b ಎಂಬವು y₁ನ ಅಕ್ಕಪಕ್ಕದ ಎರಡು ಸೊನ್ನೆಗಳೆನ್ನೋಣ. ಅಲ್ಲಿ W(a) = −y₁′(a)y₂(a), W(b) = −y₁′(b)y₂(b). W ಸೊನ್ನೆಯಲ್ಲದ ಕಾರಣ ಈ ಗುಣಲಬ್ಧಗಳಲ್ಲಿನ ಯಾವ ಅಂಶವೂ ಸೊನ್ನೆಯಲ್ಲ. ನಡುವೆ ಚಿಹ್ನೆ ಬದಲಿಸದ y₁, aಯಲ್ಲಿ ಅಕ್ಷದಿಂದ ಮೇಲೇರಿದರೆ bಯಲ್ಲಿ ಇಳಿದು ಅಕ್ಷವನ್ನು ಮುಟ್ಟಲೇಬೇಕು. ಆದ್ದರಿಂದ y₁′(a), y₁′(b)ಗಳ ಚಿಹ್ನೆಗಳು ವಿರುದ್ಧ. W ಎರಡೂ ಕಡೆ ಒಂದೇ ಚಿಹ್ನೆಯದಾಗಿ ಉಳಿಯಬೇಕಾದರೆ y₂(a), y₂(b)ಗಳ ಚಿಹ್ನೆಗಳೂ ವಿರುದ್ಧವಾಗಬೇಕು. ಹಾಗಾಗಿ y₂ಗೆ ನಡುವೆ ಒಂದು ಸೊನ್ನೆ ಸಿಕ್ಕಿತು. ಎರಡು ಸಿಕ್ಕಿದ್ದರೆ, ಇದೇ ವಾದವನ್ನು ತಿರುಗಿಸಿ ಆ ಎರಡರ ನಡುವೆ y₁ನ ಸೊನ್ನೆಯೊಂದನ್ನು ತೋರಿಸಬಹುದಿತ್ತು. a, b ಅಕ್ಕಪಕ್ಕದವು ಎಂಬುದಕ್ಕೆ ಅದು ವಿರೋಧ.

ಪ್ರಮೇಯದ ಭಾರವೆಲ್ಲ W ಸೊನ್ನೆಯಾಗದು ಎಂಬುದರ ಮೇಲಿದೆ. xy″ − y′ = 0 ಎಂಬುದಕ್ಕೆ 1 ಮತ್ತು x² − 1 ಪರಿಹಾರಗಳು; ಎರಡನೆಯದಕ್ಕೆ ±1ರಲ್ಲಿ ಸೊನ್ನೆಗಳಿದ್ದರೂ ಮೊದಲನೆಯದಕ್ಕೆ ಒಂದೂ ಇಲ್ಲ. y″ನ ಗುಣಾಂಕವಾದ x ಮೂಲಬಿಂದುವಿನಲ್ಲಿ ಸೊನ್ನೆಯಾಗುವುದರಿಂದ ಅಲ್ಲಿ W = 2x ಕೂಡ ಸೊನ್ನೆಯಾಗುತ್ತದೆ. ಆದ್ದರಿಂದ y″ನ ಗುಣಾಂಕದಿಂದ ಭಾಗಿಸುವ ಮುನ್ನ ಅದು ಎಲ್ಲಿ ಸೊನ್ನೆಯಾಗುತ್ತದೆಂದು ಬರೆದಿಡಲು ಹೇಳುತ್ತೇನೆ.

ಪ್ರಮೇಯದ ನಿಜವಾದ ಉಪಯೋಗ ನನಗೆ ಕಂಡದ್ದು ಕಂಪ್ಯೂಟರ್ ಲ್ಯಾಬಿನಲ್ಲಿ. k = 1/2 ಇರುವ ಸಮೀಕರಣವನ್ನೇ 2ರಿಂದ 400ರವರೆಗೆ ಬಿಡಿಸಲು ಕೊಟ್ಟಾಗ ಕೆಲವರಿಗೆ ಒಂದು ಸೊನ್ನೆ ಕಂಡಿತು, ಕೆಲವರಿಗೆ ಒಂದೂ ಕಾಣಲಿಲ್ಲ. “ಸರ್, ಆರಂಭಿಕ ಬೆಲೆಗಳನ್ನು ಬದಲಿಸಿ ನೋಡುತ್ತೇವೆ, ಯಾವುದಾದರೂ ಒಂದು ಆಂದೋಲಿಸಬಹುದು” ಎಂದು ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಈ ಪ್ರಯತ್ನದಿಂದ ಹೊಸದೇನೂ ತಿಳಿಯದು ಎಂಬುದನ್ನು ಸ್ಟರ್ಮ್ ಮೊದಲೇ ಹೇಳಿಬಿಟ್ಟಿದ್ದಾನೆ: ಯಾವುದೇ ಅಂತರಾಳದಲ್ಲಿ ಎರಡು ಪರಿಹಾರಗಳ ಸೊನ್ನೆಗಳ ಸಂಖ್ಯೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಾಗದು. ಒಂದು ಪರಿಹಾರಕ್ಕೆ ಅಲ್ಲಿ ಸೊನ್ನೆಯೇ ಇಲ್ಲವೆಂದರೆ ಉಳಿದ ಯಾವುದಕ್ಕೂ ಒಂದಕ್ಕಿಂತ ಹೆಚ್ಚು ಇರದು. ಒಂದಕ್ಕೆ ಅನಂತ ಸೊನ್ನೆಗಳಿದ್ದರೆ ಎಲ್ಲಕ್ಕೂ ಅನಂತವೇ. ಆಂದೋಲನ ಎಂಬುದು ಪರಿಹಾರದ ಗುಣವಲ್ಲ, ಸಮೀಕರಣದ ಗುಣ. ಆದ್ದರಿಂದ ಬದಲಿಸಬೇಕಾದದ್ದು ಆರಂಭಿಕ ಬೆಲೆಯನ್ನಲ್ಲ, ಅಂತರಾಳದ ಉದ್ದವನ್ನು. ಇಲ್ಲಿ ಅಕ್ಕಪಕ್ಕದ ಸೊನ್ನೆಗಳ ಅನುಪಾತ 535 ಇರುವಾಗ 2ರಿಂದ 400ರವರೆಗಿನ ಅಂತರಾಳ ಸಾಲದು.

ಉದ್ದ ಹೆಚ್ಚಿಸುವುದಕ್ಕೂ ಮಿತಿಯಿದೆ. k = 1/4 ಆದಾಗ √x ಎಂಬುದೇ ಒಂದು ಪರಿಹಾರ; ಅದು x > 0 ಇರುವಲ್ಲೆಲ್ಲ ಧನಾತ್ಮಕವಾದ್ದರಿಂದ, ಬೇರೆ ಯಾವ ಪರಿಹಾರವನ್ನೂ ನೋಡದೆ ಆ ಸಮೀಕರಣ ಆಂದೋಲಿಸದು ಎಂದು ತೀರ್ಮಾನಿಸಬಹುದು. k = 0.26 ಆದರೆ ಆಂದೋಲನ ಖಂಡಿತ ಇದೆ, ಆದರೆ ಒಂದು ಸೊನ್ನೆಯಿಂದ ಮುಂದಿನದಕ್ಕೆ x ಸುಮಾರು 4.4 × 10¹³ ಪಟ್ಟು ಬೆಳೆಯಬೇಕು. ಇಂಥಲ್ಲಿ ನಕ್ಷೆಯನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ. ಸಮೀಕರಣವನ್ನು ಮೊದಲು y″ + qy = 0 ರೂಪಕ್ಕೆ ತರಿಸುತ್ತೇನೆ; y′ ಇರುವ ಪದವನ್ನು ತೆಗೆಯಲು ಬಳಸುವ ಘಾತೀಯ ಗುಣಕ ಎಂದೂ ಸೊನ್ನೆಯಾಗದ ಕಾರಣ ಸೊನ್ನೆಗಳು ಇದ್ದಲ್ಲೇ ಇರುತ್ತವೆ. ಆಮೇಲೆ x ಅನಂತದತ್ತ ಹೋದಂತೆ x²q(x)ನ ಮಿತಿಯನ್ನು ಕೇಳುತ್ತೇನೆ. ಅದು 1/4ಕ್ಕಿಂತ ಹೆಚ್ಚಿದ್ದರೆ ಆಂದೋಲನವಿದೆ, ಕಡಿಮೆಯಿದ್ದರೆ ಇಲ್ಲ; ಇದು ಜರ್ಮನ್ ಗಣಿತಜ್ಞ ಕ್ನೇಸರ್ 1893ರಲ್ಲಿ ಕೊಟ್ಟ ಪರೀಕ್ಷೆ. ಮಿತಿ ಸರಿಯಾಗಿ 1/4 ಬಂದಾಗ ಮಾತ್ರ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ; ಆಗ q ಎಂಬುದು 1/(4x²)ಕ್ಕಿಂತ ಎಷ್ಟು ಮೇಲಿದೆ, ಆ ವ್ಯತ್ಯಾಸ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಕೈಯಿಂದಲೇ ಲೆಕ್ಕಹಾಕಬೇಕಾಗುತ್ತದೆ.