ಕೆಲ್ಲಿ ಸೂತ್ರದಲ್ಲಿ ಪಣದ ಲೆಕ್ಕ: ಮೇಲುಗೈಯನ್ನು ಹೆಚ್ಚಾಗಿ ಅಂದಾಜಿಸಿದರೆ ಏನಾಗುತ್ತದೆ

ಕುದುರೆ ರೇಸಿನಲ್ಲಿ ಯಾವ ಕುದುರೆಗೆ ಕಟ್ಟಬೇಕು ಎಂಬುದಕ್ಕೆ ಎಲ್ಲರ ಹತ್ತಿರವೂ ಉತ್ತರವಿರುತ್ತದೆ. ಎಷ್ಟು ಕಟ್ಟಬೇಕು ಎಂಬುದಕ್ಕೆ ಇರುವುದಿಲ್ಲ. ನಾನು ಇದಕ್ಕೆ ಬಳಸುವುದು ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಸೂತ್ರವನ್ನು. ಸೂತ್ರ ಸರಿಯಾಗಿಯೇ ಇದೆ. ಅಪಾಯ ಇರುವುದು ಅದರೊಳಗೆ ನಾವು ಹಾಕುವ ಒಂದೇ ಒಂದು ಸಂಖ್ಯೆಯಲ್ಲಿ.

```
f = (b*p - q) / b
g = p*ln(1 + b*f) + q*ln(1 - f)
```

ಇಲ್ಲಿ b ಎಂದರೆ ಬುಕ್ಕಿ ಕೊಡುವ ಆಡ್ಸ್, ಅಂದರೆ ಒಂದು ರೂಪಾಯಿಗೆ ಸಿಗುವ ಲಾಭ. p ಗೆಲ್ಲುವ ಸಂಭವನೀಯತೆ, q ಸೋಲುವ ಸಂಭವನೀಯತೆ. f ಬಂಡವಾಳದಲ್ಲಿ ಎಷ್ಟು ಪಾಲು ಕಟ್ಟಬೇಕು ಎಂದು ಹೇಳುತ್ತದೆ. g ಆ ಪಾಲಿನಲ್ಲಿ ಕಟ್ಟುತ್ತಾ ಹೋದರೆ ಹಣ ಯಾವ ವೇಗದಲ್ಲಿ ಬೆಳೆಯುತ್ತದೆ ಎಂಬ ಲೆಕ್ಕ. ಬಂಡವಾಳ ಎಂದರೆ ಇದಕ್ಕೆಂದೇ ಬೇರೆ ತೆಗೆದಿಟ್ಟ ಹಣ. ಸಂಬಳ, ಸಾಲ, ಮನೆಯ ಉಳಿತಾಯ ಇದರಲ್ಲಿ ಸೇರಬಾರದು.

ಒಂದು ಉದಾಹರಣೆ ಪೂರ್ತಿ ಲೆಕ್ಕ ಹಾಕೋಣ. ಕುದುರೆಗೆ 2/1 ಆಡ್ಸ್ ಇದೆ, ಅಂದರೆ b ಎರಡು; ಅದು ಗೆಲ್ಲುವ ಸಾಧ್ಯತೆ ಶೇ 40 ಎಂದು ನಮ್ಮ ಅಂದಾಜು. 2ನ್ನು 0.40ರಿಂದ ಗುಣಿಸಿ 0.60 ಕಳೆದರೆ 0.20, ಅದನ್ನು 2ರಿಂದ ಭಾಗಿಸಿದರೆ 0.10. ಬಂಡವಾಳ ಒಂದು ಲಕ್ಷವಿದ್ದರೆ ಹತ್ತು ಸಾವಿರ ಕಟ್ಟು ಎಂದು ಸೂತ್ರ ಹೇಳುತ್ತದೆ. ಗೆದ್ದರೆ ಬಂಡವಾಳ 1.2 ಪಟ್ಟು, ಸೋತರೆ 0.9 ಪಟ್ಟು. ಮುಂದಿನ ಪಣ ಹೊಸ ಬಂಡವಾಳದ ಹತ್ತನೇ ಒಂದು ಭಾಗ.

ನಿಜವಾದ ಸಾಧ್ಯತೆ ಶೇ 36 ಮಾತ್ರ ಎಂದಿಟ್ಟುಕೊಳ್ಳಿ. 2/1 ಆಡ್ಸ್‌ನಲ್ಲಿ ಲಾಭ ನಷ್ಟ ಸಮವಾಗುವುದು ಶೇ 33.3ಕ್ಕೆ, ಹಾಗಾಗಿ ಶೇ 36 ಎಂದರೂ ಮೇಲುಗೈ ನಮ್ಮದೇ. ಆಗ ಕಟ್ಟಬೇಕಿದ್ದ ಪಾಲು ಶೇ 4. ನಾವು ಕಟ್ಟುತ್ತಿರುವುದು ಶೇ 10. ಪ್ರತಿ 25 ಪಣಕ್ಕೆ 9 ಗೆಲುವು, 16 ಸೋಲು ಬಂದರೆ ಏನಾಗುತ್ತದೆ ನೋಡಿ. 1.2ನ್ನು ಒಂಬತ್ತು ಸಲ, 0.9ನ್ನು ಹದಿನಾರು ಸಲ ಗುಣಿಸಿದರೆ 0.956 ಬರುತ್ತದೆ. ಒಂದು ಲಕ್ಷ ಹೋಗಿ 95,600 ಉಳಿಯಿತು. ಇದೇ ಪ್ರಮಾಣದಲ್ಲಿ 500 ಪಣ ಕಟ್ಟಿ 180 ಗೆದ್ದರೆ ಉಳಿಯುವುದು ಸುಮಾರು 41,000. ಅದೇ 500 ಪಣಗಳಿಗೆ ಪ್ರತಿ ಸಲವೂ ಸಾವಿರ ರೂಪಾಯಿಯಷ್ಟೇ ಕಟ್ಟಿದ್ದರೆ 40,000 ಲಾಭ ಇರುತ್ತಿತ್ತು. ಕುದುರೆಗಳ ಆಯ್ಕೆಯಲ್ಲಿ ತಪ್ಪಿಲ್ಲ, ಕಟ್ಟಿದ ಮೊತ್ತವೇ ಬಂಡವಾಳವನ್ನು ತಿಂದಿತು. ಶೇಕಡಾವಾರು ಸೋಲು ಬಂಡವಾಳವನ್ನು ಇಳಿಸಿದ ಮೇಲೆ ಮುಂದಿನ ಗೆಲುವು ಕಡಿಮೆ ಹಣದ ಮೇಲೆ ಬರುತ್ತದೆ; ಪಣ ದೊಡ್ಡದಾದಷ್ಟೂ ಈ ಸವೆತ ಮೇಲುಗೈಗಿಂತ ವೇಗವಾಗಿ ಹೆಚ್ಚುತ್ತದೆ. ಸರಿಯಾದ ಪಾಲಿನ ಹೆಚ್ಚುಕಡಿಮೆ ಎರಡರಷ್ಟು ಕಟ್ಟಿದರೆ ಬೆಳವಣಿಗೆ ಸೊನ್ನೆಗೆ ಬರುತ್ತದೆ, ಅದಕ್ಕೂ ಮೇಲೆ ಹೋದರೆ ಇಳಿಮುಖ.

ಕಡಿಮೆ ಕಟ್ಟಿದರೆ ಆಗುವ ನಷ್ಟ ಇಷ್ಟು ಕ್ರೂರವಲ್ಲ. ಮೇಲಿನದೇ 500 ಪಣಗಳಿಗೆ, ನಿಜ ಸಾಧ್ಯತೆ ಶೇ 36 ಇರುವಾಗ, ಸರಿಯಾದ ಶೇ 4ರಲ್ಲಿ ಕಟ್ಟಿದರೆ ಒಂದು ಲಕ್ಷ ಸುಮಾರು 2.2 ಲಕ್ಷವಾಗುತ್ತದೆ. ನಮ್ಮ ತಪ್ಪು ಅಂದಾಜು ಹೇಳಿದ್ದರ ಅರ್ಧ, ಅಂದರೆ ಶೇ 5 ಕಟ್ಟಿದ್ದರೂ 2.1 ಲಕ್ಷ. ಕಾಲು ಭಾಗ, ಶೇ 2.5 ಕಟ್ಟಿದ್ದರೆ ಹತ್ತಿರಹತ್ತಿರ 2 ಲಕ್ಷ. ಅಂದಾಜು ನಿಜವಾಗಿಯೂ ಸರಿಯಿದ್ದರೂ ಅರ್ಧ ಕೆಲ್ಲಿಯಲ್ಲಿ ಬೆಳವಣಿಗೆಯ ವೇಗದ ಮುಕ್ಕಾಲು ಪಾಲು ಕೈಗೆ ಸಿಗುತ್ತದೆ. ಪೂರ್ತಿ ಕೆಲ್ಲಿಯಲ್ಲಿ ಬಂಡವಾಳ ಎಂದಾದರೊಮ್ಮೆ ಅರ್ಧಕ್ಕೆ ಇಳಿಯುವ ಸಾಧ್ಯತೆ ಸುಮಾರು ಎರಡರಲ್ಲಿ ಒಂದು. ಅರ್ಧ ಕೆಲ್ಲಿಯಲ್ಲಿ ಎಂಟರಲ್ಲಿ ಒಂದು. ಈ ಕಾರಣಕ್ಕೆ ನಾನು ಅರ್ಧವನ್ನು ದಾಟುವುದಿಲ್ಲ, ಸಾಮಾನ್ಯವಾಗಿ ಕಾಲು ಭಾಗದಲ್ಲೇ ನಿಲ್ಲುತ್ತೇನೆ. ಒಂದೇ ದಿನ ಹಲವು ರೇಸುಗಳಿಗೆ ಕಟ್ಟುವಾಗ ಹಿಂದಿನ ಪಣದ ಫಲಿತಾಂಶ ಬರುವ ತನಕ ಆ ಹಣವನ್ನು ಬಂಡವಾಳದಿಂದ ಕಳೆದೇ ಲೆಕ್ಕ ಹಾಕುತ್ತೇನೆ.

ಆದರೆ ಭಾಗ ಮಾಡಿಕೊಂಡರೆ ಸಾಲದು. ಮೇಲುಗೈ ಇಲ್ಲವೇ ಇಲ್ಲದಿದ್ದರೆ, ಅಂದರೆ ನಿಜ ಸಾಧ್ಯತೆ ಶೇ 33.3 ಇದ್ದರೆ, ಶೇ 10ರಂತೆ 500 ಪಣ ಕಟ್ಟಿದ ಒಂದು ಲಕ್ಷ ಸಾವಿರ ರೂಪಾಯಿಗೂ ಕೆಳಗೆ ಬರುತ್ತದೆ. ಅರ್ಧ ಕಟ್ಟಿದರೂ ಮೂವತ್ತು ಸಾವಿರದ ಆಸುಪಾಸು. ಹಾಗಾಗಿ p ಎಲ್ಲಿಂದ ಬಂತು ಎಂಬುದೇ ಮುಖ್ಯ ಪ್ರಶ್ನೆ.

ನಾವು ಕಟ್ಟುವ ಕುದುರೆಗಳಲ್ಲಿ p ಸಾಮಾನ್ಯವಾಗಿ ಒಂದೇ ಕಡೆಗೆ ತಪ್ಪುತ್ತದೆ, ಮೇಲಕ್ಕೆ. ಕಾರಣ ಇದು: ನಮ್ಮ ಅಂದಾಜು ಬುಕ್ಕಿಯ ಆಡ್ಸ್‌ಗಿಂತ ಹೆಚ್ಚಿದ್ದಾಗ ಮಾತ್ರ ನಾವು ಕಟ್ಟುತ್ತೇವೆ. ಅಂದಾಜಿನಲ್ಲಿ ಏರುಪೇರು ಇದ್ದೇ ಇರುತ್ತದೆ; ತಗ್ಗಿಸಿ ಅಂದಾಜಿಸಿದ ಕುದುರೆಗಳಿಗೆ ಕಟ್ಟುವುದೇ ಇಲ್ಲ, ಹಿಗ್ಗಿಸಿ ಅಂದಾಜಿಸಿದ ಕುದುರೆಗಳೇ ಆಯ್ದು ಬಂದು ನಮ್ಮ ಪಟ್ಟಿಯಲ್ಲಿ ಕೂರುತ್ತವೆ. ಲೆಕ್ಕದಲ್ಲಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಇದು ತಪ್ಪದು. ಮೇಲುಗೈ ಅತಿ ದೊಡ್ಡದಾಗಿ ಕಂಡ ಕುದುರೆಯನ್ನೇ ನಾನು ಅತಿ ಹೆಚ್ಚು ಅನುಮಾನಿಸುತ್ತೇನೆ.

ಇದಕ್ಕೆ ಮದ್ದು ಮಾರುಕಟ್ಟೆಯ ಅಂದಾಜನ್ನೂ ಬೆರೆಸುವುದು. ಹಾಂಗ್‌ಕಾಂಗ್ ರೇಸುಗಳಲ್ಲಿ ಹೆಸರು ಮಾಡಿದ ಬಿಲ್ ಬೆಂಟರ್ ಕೂಡ ತನ್ನ ಮಾದರಿಯ ಸಂಖ್ಯೆಯನ್ನು ಹಾಗೇ ಬಳಸದೆ ಸಾರ್ವಜನಿಕರ ಆಡ್ಸ್ ಜೊತೆ ಸೇರಿಸಿಯೇ ಬಳಸಿದ. ಮೊದಲು ಬುಕ್ಕಿಯ ಪಾಲನ್ನು ತೆಗೆಯಬೇಕು. ರೇಸಿನ ಎಲ್ಲ ಕುದುರೆಗಳ ಆಡ್ಸ್‌ ಅನ್ನು ಶೇಕಡಾಕ್ಕೆ ತಿರುಗಿಸಿ ಕೂಡಿದರೆ 100 ಬರದೆ, ಉದಾಹರಣೆಗೆ, 120 ಬಂತು ಎನ್ನಿ. ಆಗ 2/1 ಕುದುರೆಯ ಶೇ 33.3ನ್ನು 1.2ರಿಂದ ಭಾಗಿಸಬೇಕು, ಮಾರುಕಟ್ಟೆಯ ನಿಜವಾದ ಅಭಿಪ್ರಾಯ ಶೇ 27.8. ನಮ್ಮದು 40. ಎರಡಕ್ಕೂ ಸಮ ತೂಕ ಕೊಟ್ಟರೆ 33.9. ಈ ಸಂಖ್ಯೆಯನ್ನು ಸೂತ್ರಕ್ಕೆ ಹಾಕಿದರೆ ಹತ್ತು ಸಾವಿರದ ಪಣ ಸುಮಾರು 850 ರೂಪಾಯಿಗೆ ಇಳಿಯುತ್ತದೆ, ಅದೂ ಪೂರ್ತಿ ಕೆಲ್ಲಿಯಲ್ಲಿ.

ಎಷ್ಟು ತೂಕ ಕೊಡಬೇಕು ಎಂಬುದನ್ನು ದಾಖಲೆ ನೋಡಿ ತೀರ್ಮಾನಿಸಬೇಕು. ಆಡ್ಸ್ ನೋಡುವ ಮೊದಲೇ p ಬರೆದಿಡುತ್ತೇನೆ, ಕಟ್ಟದೆ ಬಿಟ್ಟ ಕುದುರೆಗಳದ್ದೂ ಸೇರಿ. ಆಮೇಲೆ ಶೇ 40ರ ಆಸುಪಾಸು ಬರೆದ ಕುದುರೆಗಳಲ್ಲಿ ನೂರಕ್ಕೆ ಎಷ್ಟು ಗೆದ್ದವು ಎಂದು ನೋಡುವುದು. ಇಲ್ಲಿ ಅವಸರ ಕೂಡದು. 200 ಕುದುರೆಗಳ ದಾಖಲೆಯಲ್ಲಿ ಅದೃಷ್ಟದಿಂದಲೇ ಆರೇಳು ಶೇಕಡಾ ಆಚೀಚೆ ಆಗಬಹುದು, ಆದ್ದರಿಂದ 36ಕ್ಕೂ 40ಕ್ಕೂ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ. ಸುಮಾರು 600 ಆದ ಮೇಲಷ್ಟೇ ಅದು ಕಣ್ಣಿಗೆ ಬೀಳಲು ಶುರುವಾಗುತ್ತದೆ. ಒಂದು ಸೀಸನ್ನಿನ ಲಾಭ ತೋರಿಸಿ ಮೇಲುಗೈ ಇದೆ ಎನ್ನುವವರ ಬಳಿ ನಾನು ಕೇಳುವುದು ಈ ಪಟ್ಟಿಯನ್ನೇ.

ಇನ್ನು b ಬಗ್ಗೆ. ಬೋರ್ಡಿನಲ್ಲಿ ಬರೆದ ಆಡ್ಸ್ ನಮ್ಮ b ಅಲ್ಲ. ಭಾರತದಲ್ಲಿ 2023ರ ಅಕ್ಟೋಬರಿನಿಂದ ರೇಸಿನ ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರಿನಲ್ಲಿ ಅದು ಶೇ 40 ಆಯಿತು. 100 ರೂಪಾಯಿ ಪಣಕ್ಕೆ ತೆರಿಗೆ ಸೇರಿ 140 ಕೊಟ್ಟರೆ, 2/1 ಗೆದ್ದಾಗ ಬರುವುದು 300. ಲಾಭ 160, ಅದೂ 140ರ ಮೇಲೆ. b ಎರಡರಿಂದ 1.14ಕ್ಕೆ ಇಳಿಯಿತು. ಸಮವಾಗಲು ಶೇ 46.7 ಗೆಲುವು ಬೇಕು. ಶೇ 40 ಎಂಬ ನಮ್ಮ ಅಂದಾಜು ಪೂರ್ತಿ ಸರಿಯಿದ್ದರೂ f ಋಣಸಂಖ್ಯೆಯಾಗುತ್ತದೆ, ಆ ರೇಸಿಗೆ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ.