ಅಷ್ಟೂರಿನ ಗುಮ್ಮಟಗಳ ಫೋಟೋ: ಅಂಚು ಕತ್ತರಿಸದೆ ಅಗಲ ಇಳಿಸಿದ್ದು

ಬೀದರಿನ ಪೂರ್ವಕ್ಕೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅಹ್ಮದ್ ಶಾ ವಲಿಯ ಗೋರಿ, ಅವನ ಮಗ ಅಲಾವುದ್ದೀನನದು, ಅರ್ಧ ಕುಸಿದು ಬಿದ್ದಿರುವ ಹುಮಾಯೂನನದು. ಈ ಮೂರೂ ಒಟ್ಟಿಗೆ ಬರುವಂತೆ ತೆಗೆದ ಒಂದು ಫೋಟೋ ನನ್ನ ಬಳಿ ಇತ್ತು. ಅಗಲ 1600 ಪಿಕ್ಸೆಲ್, ಎತ್ತರ 1000. ಪುಸ್ತಿಕೆಯ ಪುಟದಲ್ಲಿ ಜಾಗ ಇದ್ದದ್ದು 1200ಕ್ಕೆ 1000.

ಅಂಚು ಕತ್ತರಿಸಿದರೆ ಒಂದು ಗೋರಿ ಹೋಗುತ್ತದೆ. ಸುಮ್ನೆ ಅಗಲ ಒತ್ತಿದರೆ ಕಾಲು ಭಾಗ ಕುಗ್ಗುತ್ತದೆ. ಹಾಗೆ ಒತ್ತಿದ ಪ್ರತಿ ನೋಡಿದ ಕೂಡಲೇ ಪ್ರಿಂಟಿಂಗ್ ಪ್ರೆಸ್ಸಿನ ಗೆಳೆಯ, 'ಗುಮ್ಮಟ ಹಿಂಗ್ಯಾಕ ಉದ್ದ ಆಗ್ಯಾವ್ರೀ?' ಎಂದ. ಬಹಮನಿ ಗುಮ್ಮಟದ ದುಂಡುತನವೇ ಅದರ ಗುರುತು. ಅದನ್ನು ಕೆಡಿಸಲು ನನಗೆ ಮನಸ್ಸಿರಲಿಲ್ಲ. ಗೋರಿಗಳ ನಡುವಿನ ಖಾಲಿ ಜಾಗ ಮಾತ್ರ ಕಡಿಮೆಯಾದರೆ ಸಾಕಿತ್ತು. ಅದಕ್ಕೆ ಸೀಮ್ ಕಾರ್ವಿಂಗ್ ಹಿಡಿದೆ. ಶೈ ಅವಿದಾನ್ ಮತ್ತು ಏರಿಯಲ್ ಶಮೀರ್ 2007ರಲ್ಲಿ ಕೊಟ್ಟ ವಿಧಾನ ಇದು.

ಮೊದಲು ಪ್ರತಿ ಪಿಕ್ಸೆಲ್‌ಗೂ ಒಂದು ಬೆಲೆ ಕಟ್ಟಬೇಕು. ಅಕ್ಕಪಕ್ಕದ ಮತ್ತು ಮೇಲೆ ಕೆಳಗಿನ ಪಿಕ್ಸೆಲ್‌ಗಳಿಗಿಂತ ಅದು ಎಷ್ಟು ಬೇರೆಯಾಗಿದೆ ಅನ್ನುವುದೇ ಆ ಬೆಲೆ. ಇದಕ್ಕೆ ಎನರ್ಜಿ ಎನ್ನುತ್ತಾರೆ. ಆಕಾಶದಲ್ಲಿ ಬೆಲೆ ಕಡಿಮೆ, ಗುಮ್ಮಟದ ಅಂಚಿನಲ್ಲಿ ಜಾಸ್ತಿ. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದು ದಾರಿ ಹುಡುಕಬೇಕು. ಪ್ರತಿ ಸಾಲಿನಲ್ಲಿ ಒಂದೇ ಪಿಕ್ಸೆಲ್. ಮುಂದಿನ ಸಾಲಿಗೆ ಇಳಿಯುವಾಗ ನೇರ ಇಳಿಯಬಹುದು, ಇಲ್ಲವೇ ಒಂದು ಪಿಕ್ಸೆಲ್ ಎಡಕ್ಕೋ ಬಲಕ್ಕೋ ಸರಿಯಬಹುದು. ಒಟ್ಟು ಬೆಲೆ ಅತಿ ಕಡಿಮೆ ಇರುವ ದಾರಿಯೇ ಸೀಮ್. ಅದನ್ನು ತೆಗೆದರೆ ಫೋಟೋ ಒಂದು ಪಿಕ್ಸೆಲ್ ಕಿರಿದಾಗುತ್ತದೆ. ಬೆಲೆ ಮತ್ತೆ ಕಟ್ಟಿ, ಮುಂದಿನ ಸೀಮ್ ಹುಡುಕುವುದು.

ಎದುರಿಗೆ ಅಗ್ಗವಾಗಿ ಕಂಡದ್ದನ್ನೇ ಹಿಡಿದು ಇಳಿದರೆ ಆಗುವುದಿಲ್ಲ. ಈ ಸಣ್ಣ ಪಟ್ಟಿ ನೋಡಿ:

```
1 4 3 5
6 7 2 6
5 8 4 3
```

ಮೇಲಿನ ಸಾಲಿನ 1ರಿಂದ ಹೊರಟರೆ ಕೆಳಗೆ 6 ಅಥವಾ 7 ಮಾತ್ರ ಸಿಗುತ್ತದೆ. 6 ಹಿಡಿದು 5ಕ್ಕೆ ಇಳಿದರೆ ಒಟ್ಟು 12. ಆದರೆ 3ರಿಂದ ಹೊರಟು 2, ಆಮೇಲೆ ಬಲಕ್ಕೆ ಸರಿದು 3 ಹಿಡಿದರೆ ಒಟ್ಟು 8. ಹಾಗಾಗಿ ಪ್ರತಿ ಪಿಕ್ಸೆಲ್‌ನಲ್ಲೂ 'ಇಲ್ಲಿವರೆಗೆ ಬರಲು ತಗಲುವ ಕನಿಷ್ಠ ಬೆಲೆ' ಬರೆದುಕೊಂಡು ಕೆಳಗೆ ಬರಬೇಕು. ಕೊನೆಯ ಸಾಲಿನಲ್ಲಿ ಅತಿ ಚಿಕ್ಕದನ್ನು ಹಿಡಿದು ಮೇಲಕ್ಕೆ ಹಿಂದಿರುಗಬೇಕು. ನಾನು ಬರೆದ ಕೋಡ್ ಇಷ್ಟೇ:

```python
import numpy as np

def find_seam(e):
    h, w = e.shape
    M = e.astype(float)
    for i in range(1, h):
        p = np.pad(M[i-1], 1, constant_values=np.inf)
        M[i] += np.minimum(np.minimum(p[:-2], p[1:-1]), p[2:])
    seam = np.empty(h, dtype=int)
    seam[-1] = M[-1].argmin()
    for i in range(h-2, -1, -1):
        j = seam[i+1]
        a = max(j-1, 0)
        seam[i] = a + M[i, a:j+2].argmin()
    return seam, M[-1].min()
```

ಕೋಡ್ ಬರೆದ ಮೇಲೆ ತಕ್ಷಣ ಪಿಕ್ಸೆಲ್ ತೆಗೆಯಲಿಲ್ಲ. ಸೀಮ್‌ಗಳನ್ನು ಫೋಟೋ ಮೇಲೆ ಕೆಂಪು ಗೆರೆಯಾಗಿ ಬಿಡಿಸಿ ನೋಡಿದೆ. ಇದನ್ನು ಯಾರೂ ಬಿಡಬಾರದು. ಗೆರೆಗಳು ಗೋರಿಗಳ ನಡುವಿನ ಬಯಲಿನಲ್ಲಿ ಇರಬೇಕಿತ್ತು. ಆದರೆ ಬಹಳಷ್ಟು ಗುಮ್ಮಟದ ಮೈಮೇಲೆಯೇ ಇಳಿದಿದ್ದವು!

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಮೇಲಿನ ಆಕಾಶ, ಮುಂದಿನ ನೆಲ ಎರಡೂ ದಾರಿಗೆ ಒಂದೇ. ವ್ಯತ್ಯಾಸ ನಡುವಿನ 500 ಸಾಲುಗಳಲ್ಲಿ. ಗೋರಿಯ ಗಾರೆ ಮೈ ನುಣುಪು, ಪಿಕ್ಸೆಲ್‌ಗೆ ಸುಮಾರು 4. ಅಂದರೆ 2000. ಗುಮ್ಮಟದ ಅಂಚು, ಅದರ ಕೆಳಗಿನ ಪಟ್ಟಿ, ಕೈಪಿಡಿ ಗೋಡೆ, ಬುಡ ಹೀಗೆ ನಾಲ್ಕು ಗೆರೆ ದಾಟಲು ಒಂದೊಂದಕ್ಕೆ 150ರಂತೆ 600. ಒಟ್ಟು 2600. ಬಯಲಿನ ಕಡೆ ಅರ್ಧ ಆಕಾಶ, ಉಳಿದ ಅರ್ಧ ಬೇವಿನ ಮರ ಮತ್ತು ಒಣಹುಲ್ಲು. ಆಕಾಶದ 250 ಸಾಲಿಗೆ 3ರಂತೆ 750. ಎಲೆ, ಹುಲ್ಲಿನಲ್ಲಿ 20ರಂತೆ 5000. ಒಟ್ಟು 5750. ಗುಮ್ಮಟದ ದಾರಿಯೇ ಅರ್ಧಕ್ಕಿಂತ ಅಗ್ಗ. ನಮಗೆ ಗುಮ್ಮಟ ಮುಖ್ಯ, ಹುಲ್ಲು ಅಲ್ಲ. ಈ ಲೆಕ್ಕಕ್ಕೆ ಗೊತ್ತಿರುವುದು ಬಣ್ಣದ ಏರಿಳಿತ ಮಾತ್ರ.

ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ಬೆಲೆ ಕಟ್ಟುವ ಮುಂಚೆ ಫೋಟೋದ ಒಂದು ನಕಲನ್ನು ಸ್ವಲ್ಪ ಮಸುಕು ಮಾಡುವುದು. ಗಾಸಿಯನ್ ಬ್ಲರ್, ಸಿಗ್ಮಾ 2. ಬೆಲೆ ನಕಲಿನಿಂದ, ಪಿಕ್ಸೆಲ್ ತೆಗೆಯುವುದು ಮೂಲದಿಂದ. ಮಸುಕಾದಾಗ ಎಲೆ, ಹುಲ್ಲಿನ ಏರಿಳಿತ ಒಂದಕ್ಕೊಂದು ವಜಾ ಆಗಿ, 20 ಇದ್ದ ಬೆಲೆ 6ರ ಹತ್ತಿರಕ್ಕೆ ಇಳಿಯಿತು. ಗುಮ್ಮಟದ ಅಂಚಿನ ಕಥೆ ಬೇರೆ. ಅದು ಕತ್ತಲಿಂದ ಬೆಳಕಿಗೆ ಒಂದೇ ದಿಕ್ಕಿನ ಏರಿಕೆ. ಮಸುಕಾದರೆ ಹಲವು ಪಿಕ್ಸೆಲ್‌ಗೆ ಹರಡುತ್ತದೆ, ಆದರೆ ದಾಟುವಾಗ ಕೊಡಬೇಕಾದ ಒಟ್ಟು ಬೆಲೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಹೀಗಾಗಿ ಬಯಲಿನ ದಾರಿ 750 ಮತ್ತು 1500 ಸೇರಿ 2250ಕ್ಕೆ ಬಂತು.

ಆದರೆ 2250ಕ್ಕೂ 2600ಕ್ಕೂ ಅಂತರ ಕಡಿಮೆ. ಬಯಲಿನ ಅಗ್ಗದ ಸೀಮ್‌ಗಳು ಮುಗಿದ ಕೂಡಲೇ ಸರದಿ ಮತ್ತೆ ಗುಮ್ಮಟದ್ದು. ಅದಕ್ಕೆ ಎರಡನೆಯದು, ಮಾಸ್ಕ್. ಮೂರೂ ಗೋರಿಗಳ ಮೇಲೆ ಕುಂಚದಿಂದ ಬಿಳಿ ಬಳಿದು, ಆ ಪಿಕ್ಸೆಲ್‌ಗಳ ಬೆಲೆಗೆ 10000 ಕೂಡಿಸಿದೆ. ನೆಲದ ಮೇಲಿನ ನೆರಳನ್ನೂ ಸೇರಿಸಬೇಕು. ಗೋರಿ ಅಗಲ ಹಾಗೇ ಉಳಿದು ನೆರಳು ಮಾತ್ರ ಸಣ್ಣದಾದರೆ, ಏನು ತಪ್ಪಿದೆ ಎಂದು ಹೇಳಲಾಗದಿದ್ದರೂ ನೋಡುವವರ ಕಣ್ಣಿಗೆ ಚುಚ್ಚುತ್ತದೆ. ಇನ್ನೊಂದು ಮಾತು: ಫೋಟೋದಿಂದ ತೆಗೆದ ಸೀಮ್ ಅನ್ನು ಮಾಸ್ಕ್‌ನಿಂದಲೂ ತೆಗೆಯಬೇಕು. ಇಲ್ಲದಿದ್ದರೆ ಮಾಸ್ಕ್ ಮೆಲ್ಲಗೆ ಗೋರಿಯಿಂದ ಜಾರುತ್ತಾ ಹೋಗುತ್ತದೆ.

ಉಳಿದ ತೊಂದರೆ ಓರೆ ಗೆರೆಗಳದ್ದು. ಅಡ್ಡ ಗೆರೆಯಿಂದ ಒಂದು ಪಿಕ್ಸೆಲ್ ತೆಗೆದರೆ ಗೆರೆ ಗಿಡ್ಡವಾಗುತ್ತದೆ, ಅಷ್ಟೇ. ಓರೆಯಾಗಿ ಹೋಗುವ ಕಾಲುದಾರಿಯ ಅಂಚಿನಲ್ಲಿ ಸೀಮ್ ದಾಟಿದಲ್ಲೆಲ್ಲ ಸಣ್ಣ ಮೆಟ್ಟಿಲು ಬೀಳುತ್ತದೆ. 2008ರಲ್ಲಿ ರುಬಿನ್‌ಸ್ಟೈನ್, ಶಮೀರ್, ಅವಿದಾನ್ ಇದಕ್ಕೆ ಫಾರ್ವರ್ಡ್ ಎನರ್ಜಿ ಎಂಬ ತಿದ್ದುಪಡಿ ಕೊಟ್ಟರು. ತೆಗೆಯುವ ಪಿಕ್ಸೆಲ್ ಎಷ್ಟು ಎದ್ದು ಕಾಣುತ್ತದೆ ಎಂದು ಅಲ್ಲ, ತೆಗೆದ ಮೇಲೆ ಹೊಸದಾಗಿ ಅಕ್ಕಪಕ್ಕ ಬರುವ ಪಿಕ್ಸೆಲ್‌ಗಳ ನಡುವೆ ಎಷ್ಟು ವ್ಯತ್ಯಾಸ ಹುಟ್ಟುತ್ತದೆ ಎಂದು ಅದು ಅಳೆಯುತ್ತದೆ. ಅದನ್ನು ಸೇರಿಸಿದಾಗ ಮೆಟ್ಟಿಲು ತುಂಬಾ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಬೆಲೆಯೇ ಹೇಳುತ್ತದೆ. `find_seam` ಕೊಡುವ ಎರಡನೆಯ ಸಂಖ್ಯೆ ಆ ಸೀಮ್‌ನ ಒಟ್ಟು ಬೆಲೆ. ಅದನ್ನು ಪ್ರತಿ ಸಲವೂ ಬರೆದಿಟ್ಟುಕೊಂಡೆ. 10000 ದಾಟಿದರೆ ಸೀಮ್ ಮಾಸ್ಕ್ ಒಳಗೆ ಕಾಲಿಟ್ಟಿರುವ ಸಾಧ್ಯತೆ ಹೆಚ್ಚು. ನನ್ನ ಫೋಟೋದಲ್ಲಿ ಅದಕ್ಕೂ ಮುಂಚೆ, 320 ಸೀಮ್ ಹತ್ತಿರ, ಬೆಲೆ ನಿಧಾನವಾಗಿ ಏರುವುದು ಬಿಟ್ಟು ಜಿಗಿಯತೊಡಗಿತು. ದೊಡ್ಡದು ಮಾಡಿ ನೋಡಿದರೆ ಬೇವಿನ ಕಾಂಡಗಳು ಸೊಟ್ಟಗಾಗುತ್ತಿದ್ದವು. ಅಲ್ಲಿಗೆ ನಿಲ್ಲಿಸಿದೆ. ಅಗಲ 1280 ಆಗಿತ್ತು.

ಉಳಿದ 80ನ್ನು ಸುಮ್ನೆ ಒತ್ತಿ 1200 ಮಾಡಿದೆ. ಅದು ನೂರಕ್ಕೆ ಆರೇಕಾಲು ಮಾತ್ರ. ಗುಮ್ಮಟದ ದುಂಡು ಕೆಟ್ಟಂತೆ ಕಾಣಲಿಲ್ಲ, ಗೆಳೆಯನೂ ಏನೂ ಹೇಳಲಿಲ್ಲ. ಗೋರಿಗಳ ನಡುವಿನ ಅಂತರ ಮಾತ್ರ ಈ ಫೋಟೋದಲ್ಲಿ ನಿಜದ್ದಲ್ಲ. ಅದಕ್ಕೇ ಕೆಳಗೆ 'ಗೋರಿಗಳ ನಡುವಿನ ಅಂತರ ಕಡಿಮೆ ಮಾಡಲಾಗಿದೆ' ಎಂದು ಅಚ್ಚು ಹಾಕಿಸಿದೆ. ಸ್ಮಾರಕದ ಅಳತೆಗೋ ದಾಖಲೆಗೋ ಕೇಳುವವರಿಗೆ ಮೂಲ ಫೋಟೋವನ್ನೇ ಕೊಡುತ್ತೇನೆ.