ಇಂಚು ಟೇಪು ಕೊನೆಗೆ: ಚಳಿಕೋಟು ಗುರುತಿಸುವ ನನ್ನ ಕ್ರಮ

ಕಾಸರಗೋಡಿನ ಸೆಕೆಗೆ ಕೋಟು ಯಾರಿಗೂ ಬೇಡ. ಆದರೂ ಹೊಲಿಗೆಯಂಗಡಿಗೆ ಕೋಟು ಬರುತ್ತಲೇ ಇರುತ್ತದೆ. ಐರ್ಲೆಂಡಿಗೋ ಕೆನಡಾಕ್ಕೋ ಹೊರಟ ಮಕ್ಕಳು ಯಾರೋ ಕೊಟ್ಟ ಹಳೆಯದನ್ನು ತೋಳು ಗಿಡ್ಡ ಮಾಡಿಸಲು ತರುತ್ತಾರೆ, ರಜೆಯಲ್ಲಿ ಬಂದವರು ಕಪಾಟಿನಲ್ಲಿ ಬೂಷ್ಟು ಹಿಡಿದದ್ದನ್ನು ತರುತ್ತಾರೆ. ಎಲ್ಲರ ಬಾಯಲ್ಲೂ ಅದು ‘ಓವರ್‌ಕೋಟು’. ಇಸ್ತ್ರಿಪೆಟ್ಟಿಗೆ ಮುಟ್ಟುವ ಮೊದಲು ನನಗೆ ಮಾತ್ರ ಅದು ಟ್ರೆಂಚ್ ಕೋಟೋ, ಪೀಕೋಟೋ, ಡಫಲ್ಲೋ, ಪಾರ್ಕಾವೋ ಎಂದು ತಿಳಿಯಲೇಬೇಕು. ಒಂದಕ್ಕೆ ಒಗ್ಗುವ ಬಿಸಿ ಇನ್ನೊಂದನ್ನು ಸುಡುತ್ತದೆ, ಒಂದಕ್ಕೆ ಆಗುವ ಕತ್ತರಿ ಇನ್ನೊಂದನ್ನು ಕೆಡಿಸುತ್ತದೆ.

ಕಾಲರಿನ ಒಳಗಿನ ಚೀಟಿಯನ್ನು ನಾನು ನಂಬುವುದಿಲ್ಲ. ಸೊಂಟಕ್ಕೆ ಬೆಲ್ಟ್ ಇದ್ದದ್ದಕ್ಕೆಲ್ಲ ‘ಟ್ರೆಂಚ್’ ಎಂದು ಬರೆಯುವ ಅಭ್ಯಾಸ ಬಂದು ಬಹಳ ಕಾಲವಾಯಿತು. ಉದ್ದವನ್ನೂ ಮೊದಲು ಅಳೆಯುವುದಿಲ್ಲ, ಏಕೆಂದರೆ ಯಾರಾದರೂ ಹಿಂದೆಯೇ ಕತ್ತರಿಸಿರಬಹುದು. ಮೊದಲು ಬಟ್ಟೆ, ಆಮೇಲೆ ಮುಚ್ಚುವ ಬಗೆ, ಆಮೇಲೆ ಭುಜ ಮತ್ತು ಬೆನ್ನು, ಎಲ್ಲಕ್ಕಿಂತ ಕೊನೆಗೆ ಟೇಪು. ಇದು ನನ್ನ ಕ್ರಮ.

ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ. ಹೊರಮೈಯಲ್ಲಿ ಸಣ್ಣ ಓರೆಗೆರೆಗಳು ಕಡಿದಾಗಿ ಮೇಲೇರುತ್ತಿದ್ದು, ಒಳಮೈ ಹೆಚ್ಚುಕಡಿಮೆ ನುಣ್ಣಗಿದ್ದರೆ ಅದು ಗ್ಯಾಬರ್ಡಿನ್. ಕಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮರಾ ದೊಡ್ಡದು ಮಾಡಿ ನೋಡಿದರಾಯಿತು. ಥಾಮಸ್ ಬರ್ಬರಿ 1879ರಲ್ಲಿ ರೂಪಿಸಿದ ನೇಯ್ಗೆ ಇದು. ನೂಲು ಒತ್ತೊತ್ತಾಗಿ ಕೂತಿರುವುದರಿಂದ ಮಳೆಹನಿ ಒಳಗಿಳಿಯುವ ಮೊದಲೇ ಜಾರುತ್ತದೆ. ಒಳಮಡಿಕೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡುವುದುಂಟು. ಆದರೆ ಬಹಳ ಸಲ ಒಗೆದ ಕೋಟು ನೀರು ಹೀರಿಕೊಂಡೇ ಬಿಡುತ್ತದೆ. ಹಾಗಾಗಿ ಹನಿ ಜಾರಿದರೆ ಅದು ಗುರುತು, ಜಾರದಿದ್ದರೆ ಏನನ್ನೂ ಹೇಳಲಾಗದು.

ಗೆರೆಯೂ ಇಲ್ಲ, ನೇಯ್ಗೆಯೂ ಕಾಣುವುದಿಲ್ಲ, ಒತ್ತಿದರೆ ದಪ್ಪ ಕಂಬಳಿಯಂತೆ ಬಿಗಿ, ಮೇಲೆ ಸಣ್ಣ ರೋಮ: ಇದು ಮೆಲ್ಟನ್ ಉಣ್ಣೆ, ಪೀಕೋಟಿನ ಬಟ್ಟೆ. ನೇಯ್ದ ಮೇಲೆ ಒದ್ದೆ ಮಾಡಿ ಕುಗ್ಗಿಸಿ ಮಾಡಿದ್ದರಿಂದ ಕತ್ತರಿಸಿದ ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳುವುದಿಲ್ಲ. ಡಫಲ್ಲೂ ಉಣ್ಣೆಯೇ. ಆದರೆ ಅದು ಇನ್ನೂ ದಪ್ಪ, ಸ್ವಲ್ಪ ಸಡಿಲ, ಹೆಚ್ಚಾಗಿ ಅಸ್ತರ್ ಇಲ್ಲದ್ದು, ಎಷ್ಟೋ ಕೋಟುಗಳಲ್ಲಿ ಒಳಮೈಯಲ್ಲೇ ಚೌಕಳಿ ಇರುತ್ತದೆ. ಬೆಲ್ಜಿಯಂನ ಡಫೆಲ್ ಎಂಬ ಊರಿನಿಂದ ಆ ಹೆಸರು ಬಂತು. ಇನ್ನು ಚಿವುಟಿದಾಗ ಹೊರಗಿನ ತೆಳು ಬಟ್ಟೆ ಒಂದು ಕಡೆ, ಒಳಗಿನ ತುಂಬು ಇನ್ನೊಂದು ಕಡೆ ಜಾರಿದರೆ ಅದು ಬಹುಮಟ್ಟಿಗೆ ಪಾರ್ಕಾ. ಹೊರಬಟ್ಟೆ ನೈಲಾನ್ ಆದರೆ ಉಣ್ಣೆಗೆ ಇಟ್ಟ ಬಿಸಿಯಲ್ಲೇ ಇಸ್ತ್ರಿಪೆಟ್ಟಿಗೆ ಇಡಬೇಡಿ. ಸುಕ್ಕು ಹೋಗುವ ಬದಲು ಬಟ್ಟೆಯೇ ಮುದುಡುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಮುಚ್ಚುವ ಬಗೆಯಲ್ಲಿ ಡಫಲ್ ಎಲ್ಲಕ್ಕಿಂತ ಸುಲಭ. ಕೊಂಬಿನದೋ ಮರದ್ದೋ ಉದ್ದನೆಯ ಗುಂಡಿ, ಅದಕ್ಕೆ ಹಗ್ಗದ ಅಥವಾ ಚರ್ಮದ ಕುಣಿಕೆ, ಮೂರು ಇಲ್ಲವೇ ನಾಲ್ಕು ಜೋಡಿ. ಬ್ರಿಟಿಷ್ ನೌಕಾಪಡೆಯವರು ದಪ್ಪ ಕೈಗವಸು ಹಾಕಿಕೊಂಡೇ ಇದನ್ನು ತೊಟ್ಟು ಬಿಚ್ಚುತ್ತಿದ್ದರು. ಜೊತೆಗೆ ದೊಡ್ಡ ಟೋಪಿ, ಮೇಲೆ ಇಟ್ಟು ಹೊಲಿದ ಅಗಲ ಕಿಸೆ. ಇದರ ದುರಸ್ತಿಯಲ್ಲಿ ಆಗುವ ತಪ್ಪು ಒಂದೇ: ಹರಿದ ಕುಣಿಕೆಯ ಬದಲು ಅರ್ಧ ಇಂಚು ಉದ್ದದ್ದನ್ನು ಹಾಕುವುದು. ಆಗ ಎದೆ ಬಾಯಿ ಬಿಡುತ್ತದೆ. ಹರಿಯದೆ ಉಳಿದ ಕುಣಿಕೆಯನ್ನು ಅಳೆದೇ ಹೊಸದನ್ನು ಕತ್ತರಿಸಬೇಕು. ಇಸ್ತ್ರಿ ಮಾಡುವಾಗ ಕೊಂಬಿನ ಗುಂಡಿಗೆ ಬಿಸಿ ತಾಗಬಾರದು.

ಪಾರ್ಕಾದಲ್ಲಿ ಜಿಪ್, ಅದರ ಮೇಲೆ ಗಾಳಿ ತಡೆಯುವ ಪಟ್ಟಿ, ಪಟ್ಟಿಗೆ ಟಿಕ್‌ಬಟನ್. ಟೋಪಿಯ ಅಂಚಿಗೆ ತುಪ್ಪಳ ಇರಬಹುದು, ಬಿಚ್ಚಿ ತೆಗೆದಿದ್ದರೆ ಅಲ್ಲಿ ಗುಂಡಿಯ ಸಾಲು ಉಳಿದಿರುತ್ತದೆ. ಸೊಂಟದಲ್ಲಿ ಎಳೆದು ಕಟ್ಟುವ ದಾರ. ಹಿಂದಿನ ಅಂಚು ಮೀನಿನ ಬಾಲದಂತೆ ಸೀಳಿದ್ದರೆ ಅದು ಅಮೆರಿಕದ ಸೈನ್ಯದ ಎಂ-51ರಂಥ ಮಾದರಿಯದ್ದು. ಆ ಸೀಳು ಹರಿದದ್ದೆಂದು ತಿಳಿದು ಹೊಲಿದು ಮುಚ್ಚಬೇಡಿ, ಎರಡು ಬಾಲವನ್ನೂ ತೊಡೆಗೆ ಕಟ್ಟಿಕೊಳ್ಳಲೆಂದೇ ಬಿಟ್ಟದ್ದು ಅದು.

ಗೊಂದಲ ಆಗುವುದು ಟ್ರೆಂಚ್ ಮತ್ತು ಪೀಕೋಟಿನ ನಡುವೆ. ಎರಡರಲ್ಲೂ ಎದುರಿಗೆ ಎರಡು ಸಾಲು ಗುಂಡಿ, ಎರಡರಲ್ಲೂ ಅಗಲ ಕಾಲರು. ಗುಂಡಿ ಎಣಿಸಿ ಪ್ರಯೋಜನವಿಲ್ಲ. ಟ್ರೆಂಚಿಗೆ ಹತ್ತು, ಪೀಕೋಟಿಗೆ ಆರೋ ಎಂಟೋ ಎಂಬ ಲೆಕ್ಕ ಅಗ್ಗದ ಮಾಲಿನಲ್ಲಿ ನಿಲ್ಲುವುದಿಲ್ಲ. ಭುಜ ನೋಡಬೇಕು. ಗಂಡಸರ ಟ್ರೆಂಚಿನಲ್ಲಿ ಬಲಭುಜದಿಂದ ಎದೆಗೆ ಒಂದು ಸಡಿಲ ಪಟ್ಟಿ ಇಳಿದಿರುತ್ತದೆ. ಎಡಗಡೆಯ ಭಾಗವನ್ನು ಬಲಗಡೆಗೆ ತಂದು ಗುಂಡಿ ಹಾಕುವಾಗ ಅದರ ಅಂಚು ಈ ಪಟ್ಟಿಯ ಅಡಿಗೆ ಹೋಗುತ್ತದೆ. ಭುಜದ ಮೇಲೆ ಬಿದ್ದ ನೀರು ಸಂದಿಗೆ ಇಳಿಯದೆ ಪಟ್ಟಿಯ ಮೇಲಿಂದ ಹರಿದುಹೋಗುತ್ತದೆ. ನಮ್ಮಲ್ಲಿ ಹೆಂಚಿನ ಮೇಲೆ ಹೆಂಚು ಕೂರಿಸುವ ಲೆಕ್ಕವೇ. ಬೆನ್ನಿನ ಮೇಲೂ ಅಂಥದೇ ಒಂದು ಹೊದಿಕೆ, ಮಣಿಕಟ್ಟಿಗೆ ಪಟ್ಟಿ, ಹೆಗಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟ್. ಪೀಕೋಟಿನಲ್ಲಿ ಇವು ಯಾವುವೂ ಇಲ್ಲ. ಹಡಗಿನವರ ಕೋಟಾದ್ದರಿಂದ ಅದರ ಕಾಲರು ಎತ್ತಿ ಕಿವಿ ಮುಚ್ಚುವಷ್ಟು ಅಗಲ, ಕೈ ಬೆಚ್ಚಗಿಡಲು ನೆಟ್ಟಗೆ ಸೀಳಿದ ಕಿಸೆ, ಹಿಂದೆ ಒಂದು ಸೀಳು, ಅಷ್ಟೆ.

ಆಮೇಲೆ ಟೇಪು. ಕಾಲರಿನ ಬುಡದಿಂದ ಬೆನ್ನಿನ ನಡುವೆ ಕೆಳಗಿನವರೆಗೆ ಅಳೆದರೆ, ಮಧ್ಯಮ ಎತ್ತರದ ಗಂಡಸಿನ ಪೀಕೋಟು ಸುಮಾರು 28ರಿಂದ 32 ಇಂಚು, ಡಫಲ್ 35ರಿಂದ 40, ಟ್ರೆಂಚ್ 40ಕ್ಕೂ ಮೇಲೆ. ಪಾರ್ಕಾಕ್ಕೆ ಇಂಥದೇ ಉದ್ದ ಎಂದಿಲ್ಲ.

ಈ ಕ್ರಮಕ್ಕೆ ಸವಾಲಾದ ಒಂದು ಕೋಟಿನ ಲೆಕ್ಕ ಕೊಡುತ್ತೇನೆ. ಕಡು ನೀಲಿ, ಎರಡು ಸಾಲು ಚಿನ್ನದ ಬಣ್ಣದ ಗುಂಡಿ, ಹೆಗಲ ಮೇಲೆ ಪಟ್ಟಿ, ಉದ್ದ 41 ಇಂಚು. ಉದ್ದ ಮತ್ತು ಹೆಗಲ ಪಟ್ಟಿ ನೋಡಿದರೆ ಟ್ರೆಂಚ್ ಎನ್ನಬೇಕು, ಬಟ್ಟೆ ಮಾತ್ರ ಮೆಲ್ಟನ್. ಬೆಲ್ಟ್ ಕಳೆದುಹೋಗಿರಬಹುದೇ ಎಂದು ಸೊಂಟದ ಬದಿಹೊಲಿಗೆಯಲ್ಲಿ ಬೆಲ್ಟಿನ ಕುಣಿಕೆಯನ್ನೋ, ಅದು ಕಿತ್ತ ಸೂಜಿತೂತನ್ನೋ ಹುಡುಕಿದೆ, ಇರಲಿಲ್ಲ. ಎದೆಗೆ ಇಳಿಯುವ ಪಟ್ಟಿಯೂ ಇಲ್ಲ, ಬೆನ್ನಿನ ಹೊದಿಕೆಯೂ ಇಲ್ಲ. ಅಂದರೆ ಇದು ಪೀಕೋಟಿನ ಅಣ್ಣ, ನೌಕಾಪಡೆಯ ಅಧಿಕಾರಿಗಳು ಹಾಕುವ ಬ್ರಿಜ್ ಕೋಟು.

“ಹೇಗೂ ಪೀಕೋಟಿನ ಜಾತಿಯದ್ದೇ ಅಲ್ಲವಾ, 30 ಇಂಚಿಗೆ ಕತ್ತರಿಸಿ ಕೊಡಿ ಮಾರಾಯ್ರೆ” ಎಂಬ ಬೇಡಿಕೆ ಇಂಥದ್ದಕ್ಕೆ ಬಂದೇ ಬರುತ್ತದೆ. ಆಗುವುದಿಲ್ಲ. ಈ ಕೋಟಿನ ಒಳಗೆ ಕೈಹಾಕಿ ನೋಡಿದರೆ ಕಿಸೆಯ ಚೀಲದ ತಳ 32 ಇಂಚಿನಲ್ಲಿತ್ತು, 30ಕ್ಕೆ ಕತ್ತರಿಸಿದರೆ ಕಿಸೆಯೇ ಕತ್ತರಿಗೆ ಸಿಗುತ್ತದೆ. ಚೀಲದ ಕೆಳಗೆ 3 ಇಂಚು ಬಿಟ್ಟರೆ ಅಂಚು 35ಕ್ಕೆ ಬರುತ್ತದೆ, ಒಳಮಡಿಕೆಗೆ 2 ಇಂಚು ಸೇರಿಸಿ 37ಕ್ಕೆ ಕತ್ತರಿ ಹಾಕಬೇಕು. ಹಿಂದಿನ 14 ಇಂಚಿನ ಸೀಳು 8ಕ್ಕೆ ಇಳಿಯುತ್ತದೆ. 35 ಇಂಚಿನಲ್ಲಿ ಅದು ಪೀಕೋಟೂ ಅಲ್ಲ, ಬ್ರಿಜ್ ಕೋಟೂ ಅಲ್ಲ. ಹಾಗಾಗಿ ಉದ್ದ ಮುಟ್ಟದೆ ತೋಳು ಮಾತ್ರ ಗಿಡ್ಡ ಮಾಡಿ, ಮೇಲೆ ಒದ್ದೆ ಬಟ್ಟೆ ಹಾಸಿ ಹಬೆಯಲ್ಲಿ ಒತ್ತಿ, ಚೀಟಿಯಲ್ಲಿ ಬರೆದೆ: ಬ್ರಿಜ್ ಕೋಟು, ಉಣ್ಣೆ, ಬಕೆಟಿಗೆ ಹಾಕಬಾರದು, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬಾರದು.